ಇಲ್ಲ ಎನ್ನದ ಪೆಟ್ಟಿಗೆ

ಅಂಗಡಿಯವನ ಬಾಯಲ್ಲಿ "ಇಲ್ಲ" ಎನ್ನುವ ಮಾತು ಬರಕೂಡದು ಎಂದು ಯಾರು ಮೊದಲು ಹೇಳಿದರೋ, ಅವರು ಅಂಗಡಿ ಇಟ್ಟವರಂತೂ ಅಲ್ಲ. ಇಟ್ಟವರಿಗೆ ಗೊತ್ತಿರುತ್ತದೆ, ಗಿರಾಕಿ ಕೇಳಿ, ಸಿಗದೆ, ಮುಖ ಸಪ್ಪಗೆ ಮಾಡಿಕೊಂಡು ಹೋದ ಸಾಮಾನೇ ನಾಳೆ ತರಿಸಬೇಕಾದ ಸಾಮಾನು. ಪುಟ್ಟಿಯ ಸೋದರಮಾವ ಈ ಒಂದು ತಿಳಿವಳಿಕೆಯ ಮೇಲೆ ಸಂಸಾರ ನಡೆಸಿದ, ಅಕ್ಕ ತೀರಿಕೊಂಡಾಗ ಅವಳ ಮಗಳನ್ನು ತಂದು ಸಾಕಿದ, ಓದಿಸಿದ, ಕೊನೆಗೆ ತಾನು ಕೆಲಸ ಮಾಡುವ ಕಂಪನಿಯಲ್ಲೇ ಕೆಲಸಕ್ಕೂ ಸೇರಿಸಿದ. ಆ ಮಗಳೇ ಅವನ ಕೆಲಸದ ಬುಡಕ್ಕೆ ಕೊಡಲಿ ಹಾಕಿದಳು. ಬೇಕೆಂದೇ ಹಾಕಿದಳು ಎಂದರೆ ಸುಳ್ಳಾಗುತ್ತದೆ. ಗೊತ್ತಿಲ್ಲದೆ ಹಾಕಿದಳು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಕಂಪನಿ ಮಾರುತ್ತಿದ್ದದ್ದು ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು. ರೆಸಿಸ್ಟರು, ಕೆಪಾಸಿಟರು, ರಿಲೇ, ಕನೆಕ್ಟರು, ಸೆನ್ಸರು. ಉಗುರಿಗಿಂತ ಚಿಕ್ಕ ಚಿಪ್‌ನಿಂದ ಹಿಡಿದು ಇಬ್ಬರು ಸೇರಿ ಎತ್ತಬೇಕಾದ ಟ್ರಾನ್ಸ್‌ಫಾರ್ಮರ್‌ವರೆಗೆ ಲಕ್ಷಾಂತರ ಬಾಬತ್ತು. ಕೆಳಗಿನ ಮಹಡಿ ಗೋದಾಮು, ಮೇಲಿನ ಮಹಡಿ ಕಚೇರಿ. ಬಾಗಿಲಿಗೆ ಬರುವ ಗಿರಾಕಿ ಒಬ್ಬನೂ ಇಲ್ಲ. ಎಲ್ಲರೂ ಬರುವುದು ವೆಬ್‌ಸೈಟಿಗೆ, ಅದರ ನೆತ್ತಿಯ ಮೇಲಿರುವ ಒಂದು ಉದ್ದನೆಯ ಬಿಳಿ ಪೆಟ್ಟಿಗೆಗೆ. ಬೇಕಾದ್ದನ್ನು ಅದರಲ್ಲಿ ಟೈಪ್ ಮಾಡಬೇಕು. ಆ ಪೆಟ್ಟಿಗೆಯ ಕೆಲಸ ಪುಟ್ಟಿಯದು. ಕಚೇರಿಯಲ್ಲಿ ಅವಳಿಗೆ 'ಹುಡುಕಾಟದವಳು' ಎಂದೇ ಹೆಸರು. ಪೆನ್ನು ಕಳೆದುಕೊಂಡವರೂ ತಮಾಷೆಗೆ ಅವಳ ಮೇಜಿಗೇ ಬಂದು ಕೇಳುತ್ತಿದ್ದರು.

ಮಾವನದು ಹಳೆ ಮಾಲಿನ ವಿಭಾಗ. ತಯಾರಿಸುವವರು ಯಾವತ್ತೋ ಕೈಬಿಟ್ಟ ಬಿಡಿಭಾಗಗಳು ಇರುತ್ತವಲ್ಲ, ಅವನ್ನು ಹುಡುಕಿ ತರುವುದು ಅವನ ಕೆಲಸ. ಲಿಫ್ಟು ಇಪ್ಪತ್ತು ವರ್ಷದ್ದು, ಅದರೊಳಗಿನ ರಿಲೇ ಈಗ ಯಾರೂ ಮಾಡುವುದಿಲ್ಲ; ಆದರೆ ಕಟ್ಟಡದವರು ರಿಲೇ ಸಿಗಲಿಲ್ಲವೆಂದು ಲಿಫ್ಟನ್ನೇ ಬದಲಾಯಿಸುತ್ತಾರೆಯೇ? ಮುಚ್ಚಿದ ಕಾರ್ಖಾನೆ, ಕೈಬದಲಾದ ಮಳಿಗೆ, ದಿವಾಳಿಯೆದ್ದವನ ಹಿತ್ತಲು, ಎಲ್ಲಿ ಏನು ಉಳಿದಿದೆ ಎಂದು ಮಾವ ಮೂಸಿಕೊಂಡು ಹೋಗುತ್ತಿದ್ದ. ಏನು ಹುಡುಕಬೇಕು ಎಂದು ಅವನಿಗೆ ತಿಳಿಯುತ್ತಿದ್ದದ್ದು ಪುಟ್ಟಿಯ ಪೆಟ್ಟಿಗೆಯಿಂದ. ಗಿರಾಕಿ ಹುಡುಕಿದ್ದಕ್ಕೆ ಪೆಟ್ಟಿಗೆ "ಏನೂ ಸಿಗಲಿಲ್ಲ" ಎಂದಾಗಲೆಲ್ಲ ಆ ಹುಡುಕಾಟ ಒಂದು ಪಟ್ಟಿಗೆ ಸೇರುತ್ತಿತ್ತು. ಸೋಮವಾರ ಬೆಳಗ್ಗೆ ಮಾವ ಕಾಫಿ ಲೋಟ ಹಿಡಿದು ಕೂತು, ಜನ ಪತ್ರಿಕೆ ಓದುವ ಹಾಗೆ ಅದನ್ನು ಓದುತ್ತಿದ್ದ. "ನೋಡಿ, ಈ ನಂಬರನ್ನ ಮೂರು ಊರಿನವರು ಕೇಳಿದ್ದಾರೆ. ಎಲ್ಲೋ ಒಂದೇ ಕಾಲದ ಮೆಷೀನುಗಳು ಒಟ್ಟಿಗೆ ಕೆಡ್ತಾ ಇವೆ," ಎಂದು ಫೋನು ಎತ್ತಿಕೊಳ್ಳುತ್ತಿದ್ದ.

ಹಾಗೆಂದು ಅವನೇನು ತ್ರಿಕಾಲಜ್ಞಾನಿಯಲ್ಲ. ಗೋದಾಮಿನ ಕೊನೆಯ ಸಾಲಿನಲ್ಲಿ ಅವನು ಹುಮ್ಮಸ್ಸಿನಿಂದ ಕೊಂಡು ತಂದು ಒಂದೂ ಮಾರದ ಸಾಮಾನು ಕೊಳೆಯುತ್ತ ಬಿದ್ದಿತ್ತು. ಸಾಮಾನು ಎತ್ತಿಡುವವರು ಅದಕ್ಕೆ 'ಮ್ಯೂಸಿಯಂ' ಎಂದು ಹೆಸರಿಟ್ಟಿದ್ದರು. ಬಾಯಿ ಬೇರೆ ಜೋರು. ತಾನು ತಂದದ್ದು ಮಾರಿದರೆ ತನ್ನ ಜಾಣತನ, ಮಾರದಿದ್ದರೆ ಗಿರಾಕಿಗಳ ದಡ್ಡತನ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಪೈಕಿ. ಆದರೂ ಹತ್ತು ತಂದರೆ ಏಳು ಹೋಗುತ್ತಿದ್ದವು, ಆ ಏಳರಿಂದ ಅದೆಷ್ಟೋ ಯಂತ್ರಗಳು ಮತ್ತೆ ತಿರುಗುತ್ತಿದ್ದವು.

ಮನೆಯಲ್ಲಿ 'ಮಾವ, ನೀನು'. ಕಚೇರಿಯಲ್ಲಿ 'ಸರ್, ನೀವು'. ಇದು ಕೆಲಸಕ್ಕೆ ಸೇರಿದ ದಿನ ಪುಟ್ಟಿಯೇ ಮಾಡಿಕೊಂಡ ಕಟ್ಟುಪಾಡು. ಅದರಿಂದ ಏನೂ ಉಪಯೋಗವಾಗಿರಲಿಲ್ಲ. ಅವಳು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ "ಹೂಂ, ಅವರ ಸೋದರಸೊಸೆ ಅಲ್ವಾ" ಎಂಬ ಒಂದು ಮಾತು ಹಿಂದಿನಿಂದ ಬಂದು ತಟ್ಟುತ್ತಿತ್ತು. ಆ ಮಾತು ಅವಳನ್ನು ಒಳಗೇ ತಿನ್ನುತ್ತಿತ್ತು. ಮಾವನ ಋಣ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದರಿಂದಲೇ ಅದು ಭಾರವಾಗಿತ್ತು.

ಅಂಥ ಹೊತ್ತಿನಲ್ಲಿ ಹೊಸ ಮ್ಯಾನೇಜರು ಬಂದ. ಚಿಕ್ಕ ವಯಸ್ಸು, ನುಣ್ಣನೆ ಮಾತು. ತಪ್ಪುಗಳೆಲ್ಲ ಸೊನ್ನೆಗೆ ಇಳಿಯಬೇಕು ಎನ್ನುತ್ತಿದ್ದದ್ದರಿಂದ ಬಂದ ವಾರವೇ ಅವನಿಗೆ 'ಸೊನ್ನೆ ಸಾಹೇಬ' ಎಂದು ಅಡ್ಡಹೆಸರು ಬಿತ್ತು. ಪುಟ್ಟಿಯನ್ನು ಕರೆಸಿ, ಪರದೆ ತಿರುಗಿಸಿ ತೋರಿಸಿದ.

"ನೂರು ಸಲ ಹುಡುಕಿದ್ರೆ ಹನ್ನೊಂದು ಸಲ ಬಿಳಿ ಪುಟ. 'ಏನೂ ಸಿಗಲಿಲ್ಲ.' ಇದು ಅಂಗಡಿನಾ, ಸ್ಮಶಾನನಾ?"

"ಅದರಲ್ಲಿ ಅರ್ಧ ಸ್ಪೆಲ್ಲಿಂಗ್ ತಪ್ಪುಗಳು ಸರ್. ಅದನ್ನ ಸರಿಮಾಡಬಹುದು. ಇನ್ನರ್ಧ ನಮ್ಮತ್ರ ನಿಜವಾಗ್ಲೂ ಇಲ್ಲದ ಸಾಮಾನು."

"ಇಲ್ಲದ ಸಾಮಾನಿಗೆ ಅದರ ಹತ್ತಿರದ್ದು ತೋರಿಸಿ. ಗಿರಾಕಿಗೆ ಇಲ್ಲ ಅನ್ನಬಾರದು. ಈ ಹನ್ನೊಂದನ್ನ ಒಂದಕ್ಕಿಂತ ಕೆಳಗೆ ತನ್ನಿ. ತಂದ್ರೆ ಹುಡುಕಾಟಕ್ಕೆ ಒಂದು ತಂಡನೇ ಮಾಡೋಣ, ನೀವೇ ಮುಖ್ಯಸ್ಥೆ." ಸ್ವಲ್ಪ ತಡೆದು ಸೇರಿಸಿದ, "ನಿಮ್ಮ ಕೆಲಸ ನೋಡಿ ಹೇಳ್ತಾ ಇರೋದು. ನೀವು ಯಾರ ಮನೆಯವರು ಅಂತ ಅಲ್ಲ."

ಕೊನೆಯ ಮಾತು ಮೂಗಿಗೆ ತುಪ್ಪ ಸವರಿದ್ದು ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಆದರೆ ತುಪ್ಪದ ವಾಸನೆ ಚೆನ್ನಾಗಿತ್ತು.

ಮೊದಲು ಅವಳು ಸರಿಯಾದ ಕೆಲಸವನ್ನೇ ಮಾಡಿದಳು. ತಪ್ಪನ್ನು ಕ್ಷಮಿಸುವುದಕ್ಕೆ ಹುಡುಕಾಟದಲ್ಲಿ ಒಂದು ಲೆಕ್ಕವಿದೆ. ಒಂದಕ್ಷರ ಹೆಚ್ಚಾದರೆ ಒಂದು ತಪ್ಪು, ಕಡಿಮೆಯಾದರೆ ಒಂದು, ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಒಂದು, ಅಕ್ಕಪಕ್ಕದ ಎರಡು ಅದಲುಬದಲಾದರೂ ಒಂದು. ತೀರ ಚಿಕ್ಕ ಪದಕ್ಕೆ ಕ್ಷಮೆ ಇಲ್ಲ, ಯಾಕೆಂದರೆ ಮೂರಕ್ಷರದಲ್ಲಿ ಒಂದು ಬದಲಾದರೆ ಪದವೇ ಬೇರೆ. ಮಧ್ಯಮದ್ದಕ್ಕೆ ಒಂದು ತಪ್ಪು ಮಾಫಿ, ಉದ್ದದ್ದಕ್ಕೆ ಎರಡು. ಕೆಪಾಸಿಟರನ್ನು ಹೇಗೆ ಒಡೆದು ಬಡಿದು ಬರೆದರೂ ಪೆಟ್ಟಿಗೆ ಈಗ ಕೆಪಾಸಿಟರನ್ನೇ ತಂದುಕೊಟ್ಟಿತು. ಆದರೆ ಬಿಡಿಭಾಗದ ನಂಬರಿಗೆ ಮಾತ್ರ ಅವಳು ಕ್ಷಮೆಯನ್ನು ಮುಚ್ಚಿದಳು. ಹೆಸರಿನಲ್ಲಿ ಒಂದಕ್ಷರ ಹೋದರೆ ಅದು ಬೆರಳಿನ ತಪ್ಪು. ನಂಬರಿನಲ್ಲಿ ಒಂದಂಕಿ ಹೋದರೆ ಅದು ಬೇರೆ ಸಾಮಾನು. ಹನ್ನೆರಡು ವೋಲ್ಟಿನದಕ್ಕೂ ಇಪ್ಪತ್ತನಾಲ್ಕು ವೋಲ್ಟಿನದಕ್ಕೂ ನಡುವೆ ನಂಬರಿನಲ್ಲಿ ಕೆಲವು ಸಲ ಒಂದೇ ಅಂಕಿಯ ವ್ಯತ್ಯಾಸ ಇರುತ್ತದೆ.

ಹನ್ನೊಂದಿದ್ದದ್ದು ಆರಕ್ಕೆ ಇಳಿದು ಅಲ್ಲೇ ನಿಂತಿತು. ಉಳಿದ ಆರು ಹಳೆ ನಂಬರುಗಳು.

"ಇನ್ನೂ ಆರಾ?" ಎಂದ ಸೊನ್ನೆ ಸಾಹೇಬ, ಜ್ವರದ ರೋಗಿಯನ್ನು ವಿಚಾರಿಸುವವನಂತೆ.

ಆಮೇಲೆ ಅವಳು ಒಂದೊಂದಾಗಿ ಕಟ್ಟು ಸಡಿಲಿಸಿದಳು. ನಂಬರುಗಳಿಗೂ ಕ್ಷಮೆಯನ್ನು ತೆರೆದಳು. ಆದರೂ ಸಿಗದಿದ್ದರೆ ಹುಡುಕಾಟದ ಪದಗಳನ್ನು ಕೊನೆಯಿಂದ ಒಂದೊಂದೇ ಉದುರಿಸಿ, ಉಳಿದದ್ದಕ್ಕೆ ಹೊಂದುವುದನ್ನು ತೋರಿಸು ಎಂದಳು. ಟೈಪ್ ಮಾಡುತ್ತಿದ್ದಂತೆ ಕೆಳಗೆ ಇಳಿದು ಬರುವ ಸಲಹೆಗಳಲ್ಲಿ, ದಾಸ್ತಾನಿರುವ ಮತ್ತು ಹಿಂದೆ ಜನ ಹುಡುಕಿ ಕ್ಲಿಕ್ ಮಾಡಿದ ಸಾಮಾನು ಮಾತ್ರ ಬರಲಿ ಎಂದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಗೆ ಸೇರಿತು ಆ ಪೆಟ್ಟಿಗೆ. ಏನು ಕೇಳಿದರೂ ಏನಾದರೊಂದು ಕೊಡುತ್ತಿತ್ತು.

ಪರೀಕ್ಷೆ ಮಾಡಿದಳೋ ಎಂದರೆ, ಮಾಡಿದಳು. ಅಚ್ಚುಕಟ್ಟಾಗಿಯೇ ಮಾಡಿದಳು. ಆದರೆ ಪರೀಕ್ಷೆಗೆ ಹುಡುಕಾಟಗಳನ್ನು ಆರಿಸಿದ್ದು ಕ್ಯಾಟಲಾಗಿನಿಂದ. ಇರುವ ನಂಬರನ್ನು ಕೊಟ್ಟರೆ ಅದೇ ಎಲ್ಲಕ್ಕಿಂತ ಮೇಲೆ ಬರುತ್ತದೆ, ಅಕ್ಕಪಕ್ಕದವು ಅದರ ಕೆಳಗೆ ನಿಲ್ಲುತ್ತವೆ. ಆದ್ದರಿಂದ ಎಲ್ಲ ಸರಿಯಾಗಿಯೇ ಕಂಡಿತು. ಇಲ್ಲದ ನಂಬರನ್ನು ಕೊಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಈ ಕಸುಬಿನವರು ಮಾಡುವ ತಪ್ಪೇ ಇದು. ಊಟ ಮುಗಿಸಿ ಎದ್ದವರನ್ನಷ್ಟೇ ಕರೆದು "ಯಾರಾದರೂ ಹಸಿದಿದ್ದೀರಾ?" ಎಂದು ಕೇಳುವುದು.

ಇನ್ನೊಂದು ಕೆಲಸವನ್ನೂ ಮಾಡಿದಳು. ಹತ್ತು ಬಗೆಯ ತಪ್ಪು ಸ್ಪೆಲ್ಲಿಂಗಿನಿಂದ ಲೆಕ್ಕದ ಪುಟ ಕಸದ ತೊಟ್ಟಿಯಂತೆ ಕಾಣುತ್ತಿತ್ತು. ಅದು ಚೊಕ್ಕಟವಾಗಿರಲಿ ಎಂದು, ಜನ ಟೈಪ್ ಮಾಡಿದ್ದರ ಬದಲು ಪೆಟ್ಟಿಗೆ ತಿದ್ದಿಕೊಂಡದ್ದನ್ನೇ ದಾಖಲಿಸುವ ಹಾಗೆ ಮಾಡಿದಳು. ಮೂಲವನ್ನೂ ಬೇರೆ ಕಡೆ ಉಳಿಸಬೇಕು ಎಂದು ಮನಸ್ಸಿಗೆ ಬಂತು. ಆಮೇಲೆ ಮಾಡೋಣ ಎಂದುಕೊಂಡಳು. 'ಆಮೇಲೆ' ಎಂಬುದು ಎಂಥ ಜಾಗ ಎಂದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಆರು ಇದ್ದದ್ದು ಒಂದಕ್ಕಿಂತ ಕೆಳಗೆ ಇಳಿಯಿತು. ಸೊನ್ನೆ ಸಾಹೇಬ ಎಲ್ಲರನ್ನೂ ಸೇರಿಸಿ ಚಪ್ಪಾಳೆ ತಟ್ಟಿಸಿದ. ಪುಟ್ಟಿಗೆ ಕಿಟಕಿಯ ಪಕ್ಕದ ಕೋಣೆ ಬಂತು, ಕೈಕೆಳಗೆ ಇಬ್ಬರು ಬಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮಾವ. ಗೋದಾಮಿನವರಿಗೆಲ್ಲ ತಾನೇ ಸಿಹಿ ಹಂಚಿದ. "ನಮ್ಮ ಮೇಡಂ ಪೆಟ್ಟಿಗೆ ಈಗ ಯಾರಿಗೂ ಇಲ್ಲ ಅನ್ನಲ್ಲ ಕಣ್ರಯ್ಯಾ," ಎಂದು ಲಾರಿ ಇಳಿಸುವವರಿಗೂ ವಿವರಿಸಿದ. ಪುಟ್ಟಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಸೋಮವಾರದ ಪಟ್ಟಿ ತೆಳ್ಳಗಾಯಿತು. ಮೊದಲ ವಾರ ಮಾವ, ಹಬ್ಬದ ರಜೆಯಿರಬೇಕು ಎಂದ. ಮುಂದಿನ ವಾರ, ಇನ್ನೂ ಕಾರ್ಖಾನೆಗಳು ಶುರುವಾಗಿಲ್ಲವೇನೋ ಎಂದ. ಆಮೇಲಾಮೇಲೆ ಕಾಫಿ ಮುಗಿಯುವ ಮೊದಲೇ ಪಟ್ಟಿ ಮುಗಿಯುತ್ತಿತ್ತು. ಉಳಿದಿದ್ದವು ಬೆಕ್ಕು ಕೀಲಿಮಣೆಯ ಮೇಲೆ ಓಡಾಡಿದಂಥ ಅಕ್ಷರಗಳು, ಅಷ್ಟೇ. ಏನು ತರಿಸಬೇಕು ಎಂದು ತಿಳಿಯದೆ ಅವನು ಊಹೆಯ ಮೇಲೆ ಒಂದೆರಡು ಕಡೆಯಿಂದ ಮಾಲು ಎತ್ತಿದ. ಅದು ನೇರವಾಗಿ ಮ್ಯೂಸಿಯಂ ಸೇರಿತು.

"ಕಾಲ ಬದಲಾಯ್ತು ಅನ್ಸುತ್ತೆ," ಎಂದ ಒಂದು ದಿನ ಮನೆಯಲ್ಲಿ, ಊಟ ಮಾಡುತ್ತ. "ಈಗ ಯಾರೂ ರಿಪೇರಿ ಮಾಡ್ಸಲ್ಲ. ಕೆಟ್ರೆ ಬಿಸಾಕ್ತಾರೆ."

"ನಿಮ್ಮನ್ನೂ ಬಿಸಾಕೋ ಮುಂಚೆ ರಿಟೈರ್ ಆಗಿ," ಎಂದಳು ಅತ್ತೆ, ಬಡಿಸುತ್ತ. ಅವಳ ತಮಾಷೆ ಯಾವಾಗಲೂ ಹೀಗೇ, ಒರಟು. ಮಾವ ನಕ್ಕ. ಪುಟ್ಟಿ ನಗಲಿಲ್ಲ. ತೆಳ್ಳಗಾದ ಪಟ್ಟಿಗೂ ತನ್ನ ಪೆಟ್ಟಿಗೆಗೂ ಸಂಬಂಧವಿದೆಯೇನೋ ಎಂದು ಆ ಗಳಿಗೆಯಲ್ಲಿ ಅವಳಿಗೆ ಮೊದಲ ಸಲ ಅನ್ನಿಸಿತು.

ಮಾವನ ವಿಭಾಗ ಬೇಕೇ ಬೇಡವೇ ಎಂದು ತೀರ್ಮಾನಿಸಲು ಮುಂದಿನ ವಾರ ಸಭೆ ಎಂದು ಸುದ್ದಿ ಬಂತು. ಮಾವನ ವಯಸ್ಸಿಗೆ ಇನ್ನೊಂದು ಕಡೆ ಕೆಲಸ ಸಿಗುವುದಿಲ್ಲ. ಸಿಕ್ಕರೂ ಅವನಿಗೆ ಬರುವುದು ಇದೊಂದೇ ಕೆಲಸ. ಪುಟ್ಟಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ಗಿರಾಕಿಗಳು ಟೈಪ್ ಮಾಡಿದ್ದನ್ನು ತಿದ್ದುವ ಮೊದಲು ಇದ್ದ ಹಾಗೆಯೇ ದಾಖಲಿಸುವ ಒಂದು ಸಾಲನ್ನು ಸೇರಿಸಿದಳು. ಎಲ್ಲ 'ಆಮೇಲೆ'ಗಳ ಹಾಗೆ ಅದೂ ಹತ್ತು ನಿಮಿಷದ ಕೆಲಸವಾಗಿತ್ತು. ಮಧ್ಯಾಹ್ನದವರೆಗೆ ಬಾಗಿಲು ಹಾಕಿಕೊಂಡು ನೋಡುತ್ತ ಕೂತಳು.

ಹಳೆ ನಂಬರುಗಳು ಬಂದವು. ಒಂದರ ಹಿಂದೊಂದು ಬಂದವು. ಎಲ್ಲಿಗೂ ಹೋಗಿರಲಿಲ್ಲ ಅವು. ಯಾರೋ ಒಬ್ಬ ರಿಲೇ ನಂಬರು ಹಾಕಿದ. ಪೆಟ್ಟಿಗೆ ಒಂದಂಕಿ ಬೇರೆಯಿದ್ದ, ದಾಸ್ತಾನಿದ್ದ ಇನ್ನೊಂದು ರಿಲೇ ತೋರಿಸಿತು. ಅವನು ಮತ್ತೆ ಅದನ್ನೇ ಹಾಕಿದ. ಪೆಟ್ಟಿಗೆ ಮತ್ತೆ ಅದನ್ನೇ ತೋರಿಸಿತು. ಮೂರನೇ ಸಲ ಹಾಕಿ ಹೊರಟುಹೋದ. ಕಿವುಡನ ಮುಂದೆ ಕೂಗಿ ಕೂಗಿ ಸುಸ್ತಾದ ಹಾಗೆ. ಲೆಕ್ಕದ ಪುಟದಲ್ಲಿ ಮಾತ್ರ ಅದು ಮೂರು ಯಶಸ್ವಿ ಹುಡುಕಾಟ. ಅಷ್ಟೇ ಅಲ್ಲ, ಆ ಮೂರೂ ಪಕ್ಕದ ರಿಲೇಯ ಹೆಸರಿನಲ್ಲಿ ದಾಖಲಾಗಿದ್ದವು. ಇನ್ನು ಸಲಹೆಗಳಲ್ಲಿ ತಮ್ಮ ನಂಬರು ಕಾಣದೆ, ಪೂರ್ತಿ ಟೈಪ್ ಕೂಡ ಮಾಡದೆ ಬಿಟ್ಟುಹೋದವರೆಷ್ಟೋ. ಅವರ ಲೆಕ್ಕವಂತೂ ದೇವರಿಗೇ ಗೊತ್ತು, ಯಾಕೆಂದರೆ ಅರ್ಧಕ್ಕೆ ನಿಂತ ಟೈಪಿಂಗನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ.

ಪುಟ್ಟಿ ನೋಡಿದಳು. ಅವಳ ಆ ಒಂದಕ್ಕಿಂತ ಕೆಳಗಿನ ಸಂಖ್ಯೆ ಬರೀ ಗಾಳಿ. ಇದನ್ನು ಸಭೆಯಲ್ಲಿ ಇಟ್ಟರೆ ಮಾವನ ವಿಭಾಗ ಉಳಿಯುತ್ತದೆ. ಕಿಟಕಿಯ ಪಕ್ಕದ ಕೋಣೆ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, "ಸೋದರಮಾವನನ್ನು ಉಳಿಸೋಕೆ ತನ್ನ ಲೆಕ್ಕನೇ ತಿರುಚಿದಳು" ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಒಂದು ವಾರ ಹೀಗೇ ದಾಖಲಿಸಿದರೆ ಯಾರೂ ಬಾಯಿ ತೆರೆಯದಂಥ ಪುರಾವೆ ಸಿಗುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು.

ಊಟಕ್ಕೆ ಏಳುವ ಮೊದಲು ಆ ಸಾಲನ್ನು ಅಳಿಸಿದಳು. ಬೆಳಗ್ಗೆಯ ದಾಖಲೆಯನ್ನೂ ಅಳಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತೇವಲ್ಲ, ಪಾಪ ಆ ಬೆಕ್ಕಿಗಾದರೂ ಹಸಿವಿರುತ್ತದೆ.

ಸಭೆ ಕಂಪನಿಯ ದೊಡ್ಡವರ ಕೋಣೆಯಲ್ಲಿ. ದೊಡ್ಡವರು ಎಂದರೆ ಕಂಪನಿ ಕಟ್ಟಿದವರ ಮಗ. ಮಾವನನ್ನು ಕಂಡರೆ ಈಗಲೂ ಎದ್ದು ನಿಲ್ಲುವಷ್ಟು ಮರ್ಯಾದೆ ಉಳಿಸಿಕೊಂಡಿದ್ದರು. ಸೊನ್ನೆ ಸಾಹೇಬ ಎರಡು ಗೆರೆಗಳ ಚಿತ್ರ ತೋರಿಸಿದ. ಒಂದು ಗೆರೆ ಸಿಗದ ಹುಡುಕಾಟಗಳದು, ಇನ್ನೊಂದು ಹಳೆ ಮಾಲಿನ ಮಾರಾಟದ್ದು. ಎರಡೂ ಜೊತೆಜೊತೆಗೆ ಕೆಳಗಿಳಿದಿದ್ದವು.

"ಕೇಳೋರಿಲ್ಲದ ಸಾಮಾನಿಗೆ ಇಷ್ಟು ದೊಡ್ಡ ಜಾಗ, ಒಂದು ವಿಭಾಗ. ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ," ಎಂದ.

ದೊಡ್ಡವರು ಮಾವನ ಕಡೆ ನೋಡಿದರು. "ನೀವೇನಂತೀರಿ?"

ಮಾವ ಏನೋ ಜೋರಾಗಿ ಹೇಳುತ್ತಾನೆ ಎಂದು ಎಲ್ಲರೂ ಕಾದರು. ಮೇಜು ಗುದ್ದುವುದೂ ಉಂಟು ಅವನು. ಅವತ್ತು ಮಾತ್ರ ಕುರ್ಚಿಯನ್ನು ಪುಟ್ಟಿಯ ಕಡೆಗೆ ತಿರುಗಿಸಿಕೊಂಡ.

"ಪೆಟ್ಟಿಗೆ ಮೇಡಂ ಕೈಲಿದೆ. ಜನ ಏನು ಕೇಳ್ತಾರೆ ಅಂತ ನನಗಿಂತ ಅವರಿಗೆ ಗೊತ್ತು. ಹೇಳಿ ಮೇಡಂ. ಹಳೇ ನಂಬರುಗಳನ್ನ ಯಾರೂ ಕೇಳ್ತಾ ಇಲ್ವಾ?"

ಅವನ ಧ್ವನಿಯಲ್ಲಿ ಚುಚ್ಚು ಇರಲಿಲ್ಲ. ಚಿಕ್ಕಂದಿನಲ್ಲಿ ಮಗ್ಗಿ ಕೇಳುವಾಗ ಇರುತ್ತಿದ್ದಂಥದೇ ಧ್ವನಿ, ಇವಳಿಗೆ ಬರುತ್ತದೆ ಎಂದು ಮೊದಲೇ ಗೊತ್ತಿರುವವನದು. ಪುಟ್ಟಿ ತನ್ನ ಮುಂದಿನ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿದಳು.

"ಲೆಕ್ಕದ ಪ್ರಕಾರ... ಇಲ್ಲ ಸರ್."

"ಇಲ್ಲ?"

"ಇಲ್ಲ."

ಮಾವ ತಲೆಯಾಡಿಸಿದ. "ಹಾಗಿದ್ರೆ ಆಯ್ತು," ಎಂದ ದೊಡ್ಡವರ ಕಡೆ ತಿರುಗಿ. "ನಮ್ಮ ಹುಡುಗಿ ಲೆಕ್ಕ ತಪ್ಪಲ್ಲ. ಎಲ್ಲಿ ಸೈನ್ ಹಾಕ್ಬೇಕು ಹೇಳಿ." ಕಚೇರಿಯಲ್ಲಿ ಅವನು ಅವಳನ್ನು 'ನಮ್ಮ ಹುಡುಗಿ' ಎಂದದ್ದು ಅದೇ ಮೊದಲು.

ಹಳೆ ಮಾಲನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋದರು. ಮ್ಯೂಸಿಯಂ ಜೊತೆಗೆ, ಮಾರುತ್ತಿದ್ದ ಒಳ್ಳೆಯ ಸಾಮಾನೂ ಹೋಯಿತು. ಗುಜರಿಯವನ ತಕ್ಕಡಿಗೆ ಎರಡೂ ಒಂದೇ. ಆ ಜಾಗದಲ್ಲಿ ಮೊಬೈಲ್ ಚಾರ್ಜರುಗಳ ಪೆಟ್ಟಿಗೆಗಳು ಬಂದು ಕೂತವು. ಪುಟ್ಟಿ ಮೆಟ್ಟಿಲಿಳಿಯುವಾಗ ಆ ಕಡೆ ನೋಡುವುದನ್ನು ಬಿಟ್ಟಳು. ಮನೆಯಲ್ಲಿ ಮಾತ್ರ ನೋಡದಿರುವುದು ಹೇಗೆ? ಮಾವ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು, ಎಲ್ಲಿಗೂ ಹೋಗದೆ ಕೂರುತ್ತಿದ್ದ. ಅತ್ತೆಯ ಒರಟು ತಮಾಷೆ ನಿಂತುಹೋಯಿತು. ತಮಾಷೆ ಮಾಡದ ಅತ್ತೆಯನ್ನು ಪುಟ್ಟಿ ಅದುವರೆಗೆ ಕಂಡಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ, ಅತ್ತೆ ಅಂಗಡಿಗೆ ಹೋಗಿದ್ದಾಗ, ಮಾವ ನಡುಮನೆಯಲ್ಲಿ ಪತ್ರಿಕೆ ಹಾಸಿ ಟೇಬಲ್ ಫ್ಯಾನನ್ನು ಬಿಚ್ಚಿಕೊಂಡು ಕೂತಿದ್ದ. ಪುಟ್ಟಿ ಅವನ ಪಕ್ಕ ಕಾಫಿ ಇಟ್ಟಳು. ಹೇಳಿಬಿಡಬೇಕು ಎಂದು ಎಷ್ಟು ದಿನದಿಂದ ಅಂದುಕೊಂಡಿದ್ದಳೋ, ಅದು ನುಂಗಲಾರದ, ಉಗುಳಲಾರದ ಬಿಸಿ ತುಪ್ಪವಾಗಿತ್ತು.

"ಮಾವ, ಒಂದು ವಿಷಯ..."

"ಆಸ್ಪತ್ರೆ ಮೆಷೀನುಗಳ ರಿಪೇರಿಯವನು ಗೊತ್ತಲ್ಲ ನಿಂಗೆ," ಎಂದ ಮಾವ, ಫ್ಯಾನಿನ ಒಳಗೆ ಬಗ್ಗಿ. "ಯಾವಾಗ್ಲೂ ಫೋನಲ್ಲಿ ಕಿರಿಚ್ತಾ ಇರ್ತಾನಲ್ಲ, ಅವನು."

"ಗೊತ್ತು."

"ಅವನು ಫೋನ್ ಮಾಡಿದ್ದ. 'ಏನ್ ಸಾರ್, ನಿಮ್ಮ ವೆಬ್‌ಸೈಟಿಗೆ ಏನು ದೆವ್ವ ಬಡ್ದಿದ್ಯಾ? ನಾನೊಂದು ನಂಬರ್ ಹಾಕಿದ್ರೆ ಅದೊಂದು ತೋರಿಸುತ್ತೆ. ನೀವು ಹಳೇದೆಲ್ಲ ಬಿಟ್ಬಿಟ್ರಿ ಅಂತ ಬೇರೆ ಕಡೆ ತಗೊಂಡೆ' ಅಂದ. ನಾನೂ ಕೂತು ಹಾಕಿ ನೋಡ್ದೆ. ನಮ್ಮತ್ರ ಇಲ್ಲದ ನಂಬರುಗಳು ನನಗೆ ಬಾಯಿಪಾಠ ಅಲ್ವಾ? ಒಂದಾದ ಮೇಲೊಂದು ಹಾಕ್ದೆ. ಒಂದಕ್ಕೂ ಇಲ್ಲ ಅನ್ನಲಿಲ್ಲ ನಿನ್ನ ಪೆಟ್ಟಿಗೆ."

"ಯಾವಾಗ ಮಾವ?"

"ಸಭೆಗೆ ಎರಡು ದಿನ ಮುಂಚೆ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಮಾವ ಫ್ಯಾನಿನ ಒಂದು ರೆಕ್ಕೆಯನ್ನು ಶರಟಿನ ಅಂಚಿನಿಂದ ಒರೆಸಿದ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಅಷ್ಟು ಜನರ ಮುಂದೆ ನನ್ನ ಕೇಳೋ ಬದಲು ನೀನೇ ಯಾಕೆ ಹೇಳಲಿಲ್ಲ?" ಅವಳ ಧ್ವನಿ ಏರಿತು. ತಪ್ಪು ತನ್ನದಾದಾಗ ಧ್ವನಿ ಏರುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.

"ನಾನು ಹೇಳಿದ್ರೆ ನಿನ್ನ ಮೇಲೆ ಚಾಡಿ ಹೇಳಿದ ಹಾಗಾಗ್ತಿತ್ತು. ನಿನ್ನ ಕೆಲಸ ಹೋಗ್ತಿತ್ತು. ನೀನೇ ಹೇಳಿದ್ರೆ, 'ತಪ್ಪಾಯ್ತು, ಸರಿಮಾಡ್ತೀನಿ' ಅಂತ ಆಗ್ತಿತ್ತು. ಅದಕ್ಕೇ ನಿನ್ನ ಬಾಯಿಗೆ ಬಿಟ್ಟೆ. ನಿಂಗೆ ಗೊತ್ತಿಲ್ವೇನೋ ಅಂತಾನೂ ಒಂದು ಆಸೆ ಇತ್ತು ಅನ್ನು. ಆದ್ರೆ ನೀನು ಬಾಟ್ಲಿ ಮುಚ್ಚಳ ತಿರುಗಿಸ್ತಾ ಇದ್ಯಲ್ಲ, ಆಗ ಗೊತ್ತಾಯ್ತು, ಗೊತ್ತಿದೆ ಅಂತ."

ಪುಟ್ಟಿ ನೆಲದ ಮೇಲೆ ಕೂತಳು. ಅಳು ಬಂತು, ಆದರೆ ಅಳುವುದಕ್ಕೂ ಒಂದು ಯೋಗ್ಯತೆ ಬೇಕೆನಿಸಿ ತಡೆದುಕೊಂಡಳು.

"ನಾಳೆನೇ ಹೋಗಿ ಎಲ್ಲಾ ಹೇಳ್ತೀನಿ ಮಾವ. ದೊಡ್ಡವರ ಹತ್ರನೇ ಹೇಳ್ತೀನಿ. ಮೂಲ ದಾಖಲೆ ಶುರುಮಾಡಿದ್ರೆ ವಾರದಲ್ಲಿ ಎಲ್ಲಾ ಗೊತ್ತಾಗುತ್ತೆ. ನಿನ್ನ ವಾಪಸ್ ಕರೀತಾರೆ."

"ಎಲ್ಲಿಗೆ ಕರೀತಾರೆ? ರ‍್ಯಾಕುಗಳೆಲ್ಲ ಗುಜರಿಗೆ ಹೋಯ್ತು. ಗಿರಾಕಿಗಳು ಬೇರೆ ಬಾಗಿಲು ನೋಡ್ಕೊಂಡ್ರು. ನನಗೆ ಮಾಲು ಕೊಡ್ತಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಮುಗೀತು ಅಂತ ಹೇಳಾಯ್ತು." ಮಾವ ಸ್ಕ್ರೂ ಒಂದನ್ನು ಬಿಗಿಮಾಡಲು ಹೋಗಿ, ಜಾರಿ, ಮತ್ತೆ ಹಿಡಿದ. "ಈಗ ಹೇಳಿದ್ರೆ ನಾನಂತೂ ಹೋದೆ, ನೀನೂ ಹೋಗ್ತೀಯ. ಮನೆಗೆ ಒಬ್ಬರಾದ್ರೂ ದುಡಿಯೋರು ಬೇಡ್ವಾ? ನಿಮ್ಮತ್ತೆಗೂ ಹೇಳ್ಬೇಡ, ತಡ್ಕೊಳಲ್ಲ ಅವಳು. ಏನೂ ಹೇಳ್ಬೇಡ. ಬಾಯಿ ಮುಚ್ಕೊಂಡು ಕೆಲಸ ಮಾಡು."

"ಇಲ್ಲ ಮಾವ, ನಾನು ಹೇಳ್ಲೇಬೇಕು" ಎನ್ನಲು ಬಾಯಿ ತೆರೆದಳು ಪುಟ್ಟಿ. ನಿಜವಾಗಿಯೂ ಅದನ್ನೇ ಹೇಳುವವಳಿದ್ದಳು. ಆದರೆ ಮಾತಿಗಿಂತ ಮೊದಲು ಇನ್ನೇನೋ ಮೇಲೆ ಬಂತು. ವಾರಗಳಿಂದ ಬಿಗಿದಿದ್ದ ಭುಜಗಳು ತಾವಾಗಿಯೇ ಸಡಿಲಾದವು, ಉಸಿರು ತಾನಾಗಿಯೇ ಹಗುರವಾಗಿ ಹೊರಬಂತು. ಹೇಳಬೇಕಾಗಿಲ್ಲ. ಹೇಳಬೇಡ ಎಂದವನು ಮಾವನೇ. ಅವಳ ಮುಖದ ಮೇಲೆ ಆ ನೆಮ್ಮದಿ ಪೂರ್ತಿ ಹರಡುವ ಹೊತ್ತಿಗೆ ಸರಿಯಾಗಿ ಮಾವ ಫ್ಯಾನಿನಿಂದ ತಲೆಯೆತ್ತಿದ, ನೋಡಿದ, ಮತ್ತೆ ತಲೆ ತಗ್ಗಿಸಿಕೊಂಡ.